ರಾತ್ರಿ ಮೂರು ಗಂಟೆಯ ಬಾಟಲಿ

ನಾನು ಮಕ್ಕಳ ಹಲ್ಲಿನ ಡಾಕ್ಟರು. ಆದರೂ ನನ್ನ ಸ್ವಂತ ತಂಗಿಯ ಮಗನ ಹಲ್ಲು ಹುಳುಕಾಗಿದ್ದು ನನ್ನ ಕಣ್ಣಿಗೆ ಬಿದ್ದದ್ದು ಕ್ಲಿನಿಕ್‌ನಲ್ಲಲ್ಲ, ರಾಜಾಜಿನಗರದ ಅವರ ಮನೆಯ ಹಾಲ್‌ನಲ್ಲಿ, ಅದೂ ಅಕಸ್ಮಾತ್ತಾಗಿ. ಅವರಪ್ಪ ಮಗುವನ್ನು ಹೆಗಲ ಮೇಲೆ ತಲೆಕೆಳಗಾಗಿ ಜೋತುಹಾಕಿ ಆಟ ಆಡಿಸುತ್ತಿದ್ದ. ಮಗು ಕೇಕೆ ಹಾಕಿ ನಕ್ಕಾಗ ಮೇಲ್ತುಟಿ ಮೂಗಿನ ಕಡೆ ಸರಿಯಿತು. ಮೇಲಿನ ನಡುಹಲ್ಲು ಎರಡರ ಬುಡದಲ್ಲೂ ಒಸಡಿಗೆ ತಾಗಿದಂತೆ ಕಂದು ಗೆರೆ. ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ.

ಮಗುವಿಗೆ ಆಗ ಒಂದು ವರ್ಷ ಹತ್ತು ತಿಂಗಳು. ಹದಿನೈದು ದಿನಕ್ಕೊಮ್ಮೆಯಾದರೂ ಅವನನ್ನು ಎತ್ತಿ ಮುದ್ದಾಡುತ್ತಿದ್ದೆ. ಒಮ್ಮೆಯೂ ತುಟಿ ಎತ್ತಿ ನೋಡಿರಲಿಲ್ಲ. ನಕ್ಕಾಗ ಕಾಣುವುದು ಹಲ್ಲಿನ ತುದಿ ಮಾತ್ರ, ಈ ಹುಳುಕು ಶುರುವಾಗುವುದು ಬುಡದಲ್ಲಿ. ಫೋಟೋದಲ್ಲಿ ಯಾವತ್ತೂ ಸಿಗುವುದಿಲ್ಲ.

"ಅಕ್ಕಾ, ನಾವು ಇವತ್ತಿನವರೆಗೂ ಒಂದು ಚಾಕೊಲೇಟ್ ಕೊಟ್ಟಿಲ್ಲ ಕಣೆ," ಅಂತ ತಂಗಿ ಅಳುವುದಕ್ಕೇ ಶುರು ಮಾಡಿದಳು. ಅವಳು ಹೇಳಿದ್ದು ನಿಜ. ಆ ಮನೆಯಲ್ಲಿ ಚಾಕೊಲೇಟ್ ಇಲ್ಲ, ಐಸ್‌ಕ್ರೀಮ್ ಇಲ್ಲ. ಆದರೆ ರಾತ್ರಿ ಹತ್ತೂವರೆಗೆ ಮಲಗುವಾಗ ಇನ್ನೂರು ಮಿಲಿ ಹಾಲಿನ ಬಾಟಲಿ ಇತ್ತು. ಮೂರು ಗಂಟೆಗೆ ಎಚ್ಚರವಾದರೆ ಇನ್ನೊಂದು. ಎರಡರಲ್ಲೂ ಎರಡೆರಡು ಚಮಚ ಕಲ್ಲುಸಕ್ಕರೆ ಪುಡಿ, 'ತಂಪು' ಅಂತ. ತಂಗಿಗೆ ಅಮೆರಿಕದ ಶಿಫ್ಟು. ಮೂರು ಗಂಟೆಯ ಬಾಟಲಿ ಅವಳ ಅತ್ತೆಯವರ ಪಾಲಿನದು. ಮಗು ನಿಪ್ಪಲ್ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುತ್ತಿತ್ತು.

'ಸಿಹಿ ಕೊಡಬೇಡಿ' ಅನ್ನುವ ನಮ್ಮ ಡಾಕ್ಟರುಗಳ ಮಾತು ಕೆಲಸಕ್ಕೆ ಬಾರದ ಮಾತು ಅಂತ ನನಗೆ ಅನಿಸಿರುವುದು ಇದಕ್ಕೇ. ನಮ್ಮ ಮನೆಗಳಲ್ಲಿ ಹಾಲನ್ನು ಯಾರೂ ಸಿಹಿಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಹಾಲಿಗೆ ಹಾಕಿದ ಬೆಲ್ಲವನ್ನು ಸೇರಿಸುವುದಿಲ್ಲ. ಬಾದಾಮಿ ಪುಡಿ, ಮಾಲ್ಟ್ ಪುಡಿಯನ್ನಂತೂ ಪೌಷ್ಟಿಕ ಅಂತ ಬೇರೆ ಕಪಾಟಿನಲ್ಲೇ ಇಟ್ಟಿರುತ್ತೇವೆ. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಮಗು ನಿದ್ದೆ ಹೋಗುವ ಹೊತ್ತಿಗೆ ಬಾಯಲ್ಲಿ ಏನಿರುತ್ತೆ?

ಹಗಲಲ್ಲಿ ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಕ್ಕೆ ಹಲ್ಲಿನ ಮೇಲಿನ ಬ್ಯಾಕ್ಟೀರಿಯಾಗಳು ಅದನ್ನು ಆಮ್ಲ ಮಾಡುತ್ತವೆ. ಅಷ್ಟರಲ್ಲಿ ಎಂಜಲು ಬಂದು ತೊಳೆಯುತ್ತೆ, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಆಮ್ಲವನ್ನು ತಣ್ಣಗೂ ಮಾಡುತ್ತೆ. ನಿದ್ದೆಯಲ್ಲಿ ಎಂಜಲು ಹೆಚ್ಚುಕಡಿಮೆ ನಿಂತೇ ಹೋಗುತ್ತೆ, ನುಂಗುವುದೂ ಕಡಿಮೆ. ನಿಪ್ಪಲ್‌ನಿಂದ ಜಿನುಗಿದ ಹಾಲು ಮೇಲಿನ ಮುಂದಿನ ಹಲ್ಲುಗಳ ಸುತ್ತ ಮಡುಗಟ್ಟಿ ಗಂಟೆಗಟ್ಟಲೆ ಹಾಗೇ ಉಳಿಯುತ್ತೆ. ಹಾಲು ಹಲ್ಲಿನ ಎನಾಮಲ್, ಅಂದರೆ ಹೊರಗಿನ ಗಟ್ಟಿ ಪದರ, ದೊಡ್ಡವರ ಹಲ್ಲಿನದ್ದರ ಅರ್ಧದಷ್ಟು ದಪ್ಪ ಇದ್ದರೆ ಹೆಚ್ಚು. ಬರೀ ಹಸುವಿನ ಹಾಲಾದರೆ ಹಾನಿ ಇಷ್ಟಿಲ್ಲ. ಅದಕ್ಕೆ ಸಕ್ಕರೆ ಬಿದ್ದಾಗ, ಅದೂ ನಡುರಾತ್ರಿ, ಕಥೆಯೇ ಬೇರೆ. ಕಲ್ಲುಸಕ್ಕರೆ, ಬೆಲ್ಲ, ಜೇನು ಯಾವುದಾದರೂ ಬ್ಯಾಕ್ಟೀರಿಯಾಕ್ಕೆ ಒಂದೇ ಊಟ. (ಜೇನನ್ನು ಒಂದು ವರ್ಷದೊಳಗಿನ ಮಕ್ಕಳಿಗೆ ನೆಕ್ಕಿಸಲೇಬಾರದು. ಅದರ ಕಾರಣ ಹಲ್ಲಲ್ಲ, ಬಾಟ್ಯುಲಿಸಂ ಅನ್ನುವ ವಿಷದ ಅಪಾಯ.)

ಮರುದಿನ ಕ್ಲಿನಿಕ್‌ಗೆ ಕರೆಸಿದೆ. ಇಷ್ಟು ಚಿಕ್ಕವರನ್ನು ಕುರ್ಚಿಯಲ್ಲಿ ಕೂರಿಸಿ ನೋಡಲಾಗುವುದಿಲ್ಲ. ನಾನೂ ತಂಗಿಯೂ ಮಂಡಿಗೆ ಮಂಡಿ ತಾಗಿಸಿ ಎದುರುಬದುರು ಕೂತೆವು. ಮಗುವಿನ ಕಾಲು ಅವಳ ಸೊಂಟದ ಎರಡೂ ಬದಿಗೆ, ತಲೆ ನನ್ನ ಮಡಿಲಿಗೆ. ಅತ್ತರೆ ಅಳಲಿ, ಅತ್ತಾಗ ಬಾಯಿ ಚೆನ್ನಾಗಿ ತೆರೆಯುತ್ತೆ. ಗಾಜ್ ಬಟ್ಟೆಯಿಂದ ಹಲ್ಲು ಒರೆಸಿದೆ. ಒದ್ದೆ ಹಲ್ಲಿನಲ್ಲಿ ಕಾಣದ ಮೊದಲ ಗುರುತು ಒಣಗಿದ ಮೇಲೆ ಕಾಣುತ್ತೆ: ಒಸಡಿನ ಅಂಚಿಗೇ ಸೀಮೆಸುಣ್ಣದಲ್ಲಿ ಎಳೆದಂಥ, ಹೊಳಪಿಲ್ಲದ ಬಿಳಿ ಗೆರೆ. ಇವನ ಮೇಲಿನ ನಡುಹಲ್ಲು ಎರಡೂ ಆ ಹಂತ ದಾಟಿ ಕಂದಾಗಿ, ಮೆತ್ತಗಾಗಿದ್ದವು. ಪಕ್ಕದ ಎರಡರಲ್ಲಿ ಬಿಳಿ ಗೆರೆ. ಹೊಸದಾಗಿ ಬಂದಿದ್ದ ಮೇಲಿನ ದವಡೆ ಹಲ್ಲುಗಳಲ್ಲೂ ಬಿಳಿ ಮಚ್ಚೆ. ಕೆಳಗಿನ ಮುಂದಿನ ಹಲ್ಲುಗಳು ಮಾತ್ರ ಮುತ್ತಿನ ಹಾಗೆ ಹೊಳೆಯುತ್ತಿದ್ದವು.

ಬಾಟಲಿಯ ಸಹಿ ಇದೇ. ಚೀಪುವಾಗ ನಾಲಿಗೆ ಮುಂದೆ ಬಂದು ಕೆಳಗಿನ ಹಲ್ಲನ್ನು ಮುಚ್ಚಿಕೊಂಡಿರುತ್ತೆ, ಎಂಜಲಿನ ನಾಳಗಳು ತೆರೆಯುವುದೂ ಅಲ್ಲೇ, ನಾಲಿಗೆಯ ಕೆಳಗೆ. ಹಾಗಾಗಿ ಅವು ಬಚಾವ್. ಮೇಲಿನವು ಕೆಟ್ಟು ಕೆಳಗಿನವು ಚೆನ್ನಾಗಿದ್ದರೆ ನಾನು ಮೊದಲು ಕೇಳುವುದು ರಾತ್ರಿಯ ಬಗ್ಗೆ. ಒಂದೊಂದು ಸಲ ಉತ್ತರ ಬಾಟಲಿಯೂ ಆಗಿರುವುದಿಲ್ಲ, ತಿಂಗಳುಗಟ್ಟಲೆ ಮಲಗುವ ಮುಂಚೆ ಕುಡಿಸಿದ ಸಿಹಿ ಕೆಮ್ಮಿನ ಸಿರಪ್ ಆಗಿರುತ್ತೆ.

ಬಿಳಿ ಗೆರೆ ಇರುವಾಗಲೇ ಸಿಕ್ಕರೆ ಕೊರೆಯುವ ಕೆಲಸವೇ ಇಲ್ಲ, ಅದು ವಾಪಸ್ ಗಟ್ಟಿಯಾಗಬಲ್ಲದು. ಅದಕ್ಕೇ ತಿಂಗಳಿಗೊಮ್ಮೆ ಕಿಟಕಿ ಬೆಳಕಿನಲ್ಲಿ ಮಗುವನ್ನು ಮಲಗಿಸಿ, ಮೇಲ್ತುಟಿ ಎತ್ತಿ, ಒರೆಸಿ ನೋಡಿ ಅನ್ನುವುದು. ಒಂಬತ್ತು ತಿಂಗಳ ಲಸಿಕೆ, ಒಂದೂವರೆ ವರ್ಷದ ಲಸಿಕೆ ಯಾವುದನ್ನೂ ತಂಗಿ ತಪ್ಪಿಸಿರಲಿಲ್ಲ. ತೂಕ ನೋಡಿದರು, ಎತ್ತರ ನೋಡಿದರು, ತುಟಿ ಎತ್ತಿದವರು ಯಾರೂ ಇಲ್ಲ. ಹತ್ತು ಸೆಕೆಂಡಿನ ಕೆಲಸ. ಲಸಿಕೆಗೆ ಹೋದಾಗ ನೀವೇ ಬಾಯಿಬಿಟ್ಟು ಕೇಳಿ.

ಬಿಳಿ ಇದ್ದ ಕಡೆ ಹಲ್ಲನ್ನು ಗಟ್ಟಿ ಮಾಡುವ ಫ್ಲೋರೈಡ್ ವಾರ್ನಿಶ್ ಬಳಿದೆ. ಕಂದಾಗಿದ್ದ ಎರಡಕ್ಕೆ ಸಿಲ್ವರ್ ಡೈಅಮೀನ್ ಫ್ಲೋರೈಡ್, ಬೆಳ್ಳಿ ಇರುವ ಒಂದು ಹನಿ ದ್ರಾವಣ. ಅದು ಹುಳುಕನ್ನು ಅಲ್ಲಿಗೇ ನಿಲ್ಲಿಸಬಲ್ಲದು, ಆದರೆ ಹುಳುಕಾದ ಜಾಗವನ್ನು ಕಪ್ಪು ಮಾಡುತ್ತೆ, ಹೋಗದ ಕಪ್ಪು. ಹಚ್ಚುವ ಮುಂಚೆ ಮನೆಯವರಿಗೆಲ್ಲ ಇದನ್ನು ಹೇಳಲೇಬೇಕು. ಹೇಳಿದಾಗ ಅವರಪ್ಪನ ಮುಖವೂ ಕಪ್ಪಾಯಿತು. ಬೇಡವೆಂದರೆ ಆ ವಯಸ್ಸಿಗೆ ಅರಿವಳಿಕೆ ಕೊಟ್ಟು ಮಲಗಿಸಿ ಹಲ್ಲು ಮಾಡುವ ದಾರಿ ಹಿಡಿಯಬೇಕಾಗಬಹುದಿತ್ತು. ಹಚ್ಚಿದೆವು. 'ಹಾಲು ಹಲ್ಲು ತಾನೆ, ಬಿದ್ದುಹೋಗುತ್ತೆ' ಅಂದವರೂ ಇದ್ದರು. ಮುಂದಿನವು ಬೀಳುವುದು ಆರು ಏಳು ವರ್ಷಕ್ಕೆ, ದವಡೆಯವು ಹತ್ತು ಹನ್ನೆರಡಕ್ಕೆ. ಅಲ್ಲಿಯವರೆಗೆ ಅವನು ಅನ್ನ ಅಗಿಯುವುದು ಬೇಡವೆ?

ಇನ್ನು ಬಾಟಲಿ. ಒಂದೇ ರಾತ್ರಿಗೆ ಕಿತ್ತುಕೊಂಡರೆ ಮನೆ ಮಂದಿಯೆಲ್ಲ ಎದ್ದು ಕೂರಬೇಕಾಗುತ್ತೆ, ಮೂರನೇ ದಿನ ಅದು ವಾಪಸ್ ಬರುತ್ತೆ. ನಾವು ಹೀಗೆ ಮಾಡಿದೆವು. ಮೊದಲ ವಾರ ಕಲ್ಲುಸಕ್ಕರೆ ಇಳಿಸಿದೆವು: ಎರಡು ಚಮಚದಿಂದ ಒಂದು, ಒಂದರಿಂದ ಅರ್ಧ, ಆಮೇಲೆ ಇಲ್ಲ. ಎರಡನೇ ವಾರ ರಾತ್ರಿಯ ಬಾಟಲಿಗೆ ನೀರು ಬೆರೆಸುತ್ತಾ ಹೋದೆವು. ಮುಕ್ಕಾಲು ಹಾಲು ಕಾಲು ನೀರು, ಮೂರು ದಿನಕ್ಕೆ ಅರ್ಧರ್ಧ, ಆಮೇಲೆ ಕಾಲು ಹಾಲು, ಕೊನೆಗೆ ಬರೀ ನೀರು. ಅವನಿಗೆ ಸಲ್ಲಬೇಕಾದ ಹಾಲನ್ನು ಸಂಜೆ ಊಟದ ಜೊತೆ ಸ್ಟೀಲ್ ಲೋಟದಲ್ಲಿ ಕೊಟ್ಟೆವು. ಇವನ ವಯಸ್ಸಿಗೆ ದಿನಕ್ಕೆ ನಾನೂರು ಐನೂರು ಮಿಲಿ ಹಾಲು ಸಾಕು. ಅರ್ಧರ್ಧದ ಎರಡು ರಾತ್ರಿ ಜೋರಾಗಿ ಅತ್ತ. ಬರೀ ನೀರಾದ ಮೇಲೆ ಮೂರು ಗಂಟೆಗೆ ಏಳುವುದನ್ನು ತಾನೇ ಬಿಟ್ಟ. ಅಷ್ಟಕ್ಕೆ ಯಾಕೆ ಏಳಬೇಕು ಅನಿಸಿರಬೇಕು.

ಗಮನಿಸಿ, ಇದು ವರ್ಷ ದಾಟಿ, ಊಟ ಚೆನ್ನಾಗಿ ಮಾಡುವ ಮಗುವಿಗೆ ಹೇಳಿದ್ದು. ಅದಕ್ಕಿಂತ ಚಿಕ್ಕ ಮಗುವಿನ ಹಾಲಿಗೆ, ಡಬ್ಬಿ ಹಾಲಿಗೆ, ನೀರು ಹೆಚ್ಚು ಬೆರೆಸುವುದು ಅಪಾಯ. ಎದೆಹಾಲು ಬಿಡಿಸಬೇಕೆಂದೂ ಇದನ್ನು ಓದಬೇಡಿ. ವರ್ಷ ದಾಟಿದ ಮೇಲೆ ರಾತ್ರಿಯಿಡೀ ಬೇಕೆಂದಾಗಲೆಲ್ಲ ಕುಡಿಯುವ ಮಕ್ಕಳಿಗೂ ಹುಳುಕಿನ ಅಪಾಯ ಇದೆ. ಅದಕ್ಕೆ ಮಲಗುವ ಮುಂಚೆ ಹಲ್ಲುಜ್ಜುವುದು, ಬೇರೆ ಸಿಹಿ ಹಚ್ಚದಿರುವುದು ಮದ್ದು.

ಫ್ಲೋರೈಡ್ ಇರುವ ಪೇಸ್ಟಿನ ವಿಷಯದಲ್ಲಿ ತಂಗಿಯ ಅತ್ತೆಯವರ ಜೊತೆ ನಿಜವಾದ ಜಗಳವೇ ಆಯಿತು. ಅವರು ಪಾವಗಡದವರು, ಅಲ್ಲಿಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. "ಫ್ಲೋರೈಡ್ ಅಂದ್ರೆ ನಮಗೆ ಹೇಳ್ಕೊಡ್ತೀಯೇನಮ್ಮ? ನಮ್ಮೂರ ಕಡೆ ಹಲ್ಲೆಲ್ಲ ಕಂದು, ಬೆನ್ನು ಬಗ್ಗಿಹೋದೋರನ್ನ ನೋಡೇ ಬೆಳೆದೋಳು ನಾನು" ಅಂದರು. ಅವರ ಭಯ ಸುಳ್ಳಲ್ಲ. ನಾನು ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅಂತ ಮಿತಿ ಇದೆ. ಬೋರ್‌ವೆಲ್ ನೀರಲ್ಲಿ 3 ಇದ್ದರೆ ಲೀಟರ್ ಕುಡಿದವರ ಹೊಟ್ಟೆಗೆ ದಿನವೂ 3 ಮಿಲಿಗ್ರಾಂ. ಅಕ್ಕಿಕಾಳಿನಷ್ಟು ಪೇಸ್ಟ್ ಅಂದರೆ ಸುಮಾರು 0.1 ಗ್ರಾಂ. ಪೇಸ್ಟ್ 1000 ಪಿಪಿಎಂನದಾದರೆ, ಅಂದರೆ ಒಂದು ಗ್ರಾಂನಲ್ಲಿ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ, ಅದರಲ್ಲಿರುವುದು 0.1 ಮಿಲಿಗ್ರಾಂ, ಪೂರ್ತಿ ನುಂಗಿದರೂ ಅಷ್ಟೇ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಹಂಗಾದ್ರೆ ಅಕ್ಕಿಕಾಳಷ್ಟೇ ಹಾಕೋದು, ಜಾಹೀರಾತಲ್ಲಿ ತೋರಿಸ್ತಾರಲ್ಲ ಹಾಗಲ್ಲ" ಅಂದರು. ಸರಿಯಾಗಿ ಹಿಡಿದರು. ಮೂರು ವರ್ಷದವರೆಗೆ ಅಕ್ಕಿಕಾಳು, ಆಮೇಲೆ ಆರರವರೆಗೆ ಬಟಾಣಿ. ನಿಮ್ಮ ಮನೆ ಬೋರ್‌ವೆಲ್ ನೀರಿನದಾದರೆ ಒಮ್ಮೆ ಪರೀಕ್ಷೆ ಮಾಡಿಸಿ ಡಾಕ್ಟರಿಗೆ ತೋರಿಸಿ. ಮಕ್ಕಳದ್ದು ಅಂತ ಕಾರ್ಟೂನ್ ಹಾಕಿ ಮಾರುವ ಕೆಲವು ಪೇಸ್ಟುಗಳಲ್ಲಿ ಫ್ಲೋರೈಡೇ ಇರುವುದಿಲ್ಲ, ಟ್ಯೂಬಿನ ಹಿಂದೆ ಓದಿ. ಉಜ್ಜಿದ ಮೇಲೆ ನೊರೆ ಒರೆಸಿ ಬಿಡಿ, ನೀರು ಹಾಕಿ ಮುಕ್ಕಳಿಸಬೇಡಿ. ಆಮೇಲೆ ಬೆಳಗಿನವರೆಗೆ ನೀರು ಮಾತ್ರ.

ಹಗಲಿನ ಜ್ಯೂಸಿನ ಬಗ್ಗೆ ಒಂದು ಮಾತು. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಮಗು ಗಲಾಟೆ ಮಾಡದಿರಲಿ ಅಂತ ಸಿಪ್ಪರ್‌ನಲ್ಲಿ ಮಾವಿನ ಜ್ಯೂಸ್ ಹಾಕಿ ಕೊಡುತ್ತಾರೆ. ಅದೇ ಜ್ಯೂಸನ್ನು ಊಟದ ಜೊತೆ ಐದು ನಿಮಿಷದಲ್ಲಿ ಕುಡಿದರೆ ಹಲ್ಲಿಗೆ ಒಂದು ಸಲ ಏಟು. ಒಂದೂವರೆ ಗಂಟೆ ಗುಟುಕು ಗುಟುಕಾಗಿ ಹೀರಿದರೆ ಎಂಜಲಿಗೆ ಸುಧಾರಿಸಿಕೊಳ್ಳಲು ಬಿಡುವೇ ಸಿಗುವುದಿಲ್ಲ. ಸಿಪ್ಪರ್‌ಗೆ ನೀರು ಹಾಕಿ.

ಮೊನ್ನೆ ಆರು ತಿಂಗಳಾಯಿತು ಅಂತ ಮತ್ತೆ ನೋಡಿದೆ. ಕಪ್ಪಾದ ಜಾಗ ಗಟ್ಟಿಯಾಗಿ ಹೊಳೆಯುತ್ತಿದೆ, ಅಂದರೆ ಹುಳುಕು ನಿಂತಿದೆ. ಮೆತ್ತಗಾಗಿ ಮಂಕಾಗಿದ್ದರೆ ಇನ್ನೂ ಕೊರೆಯುತ್ತಿದೆ ಅಂತ ಅರ್ಥ. ಪಕ್ಕದ ಹಲ್ಲುಗಳ ಬಿಳಿ ಗೆರೆಗೆ ಹೊಳಪು ಬಂದಿದೆ. ಎಡಗಡೆ ದವಡೆ ಹಲ್ಲು ಮಾತ್ರ ಮಾತು ಕೇಳಿಲ್ಲ, ಸಣ್ಣ ಗುಂಡಿ ಬಿದ್ದಿದೆ. ಮುಂದಿನ ಶನಿವಾರ ಫಿಲ್ಲಿಂಗ್. ಕರೆದುಕೊಂಡು ಬರುವುದು ಪಾವಗಡದ ಅಜ್ಜಿಯೇ ಅಂತೆ, ಮಂಡಿಗೆ ಮಂಡಿ ಕೊಟ್ಟು ಕೂರುವುದು ತಮಗೂ ಬರುತ್ತೆ ಅಂದಿದ್ದಾರೆ.