'2 ಪಫ್' ಅಂತಷ್ಟೇ ಬರೆದರೆ ಸಾಲದು

ನಮ್ಮ ಔಷಧಿ ಅಂಗಡಿಗೆ ಮಳೆಗಾಲ ಶುರುವಾದರೆ ಸಾಕು, ಒಂದೇ ಥರದ ಚೀಟಿಗಳು ಬರುತ್ತವೆ. ಆಸ್ತಲಿನ್ ಇನ್‌ಹೇಲರ್, ಅದರ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ ಸ್ಪೇಸರ್, ಬೇಬಿ ಮಾಸ್ಕ್. ಕೆಳಗೆ '2 ಪಫ್, ಬೇಕಾದಾಗ'. ಮೂರ್ನಾಲ್ಕು ವರ್ಷದ ಮಗು, ನೆಗಡಿ ಹತ್ತಿದರೆ ಎದೆ ಕುಯ್‌ಗುಡುತ್ತದೆ. 2 ಪಫ್ ಕೊಟ್ಟ ಮೇಲೂ ಇಳಿಯದಿದ್ದರೆ ಏನು ಮಾಡಬೇಕು ಅಂತ ಚೀಟಿ ಹೇಳುವುದಿಲ್ಲ. ಎಷ್ಟು ಹೊತ್ತು ಬಿಟ್ಟು ಮತ್ತೆ ಕೊಡಬೇಕು, ಎಷ್ಟಾದ ಮೇಲೆ ಆಸ್ಪತ್ರೆಗೆ ಹೊರಡಬೇಕು ಅನ್ನುವುದನ್ನೂ ಬರೆದಿರಬೇಕು ಅನ್ನುವುದು ನನ್ನ ತಕರಾರು.

ಅಸ್ತಮಾಕ್ಕೆ ಜಗತ್ತಿನ ಎಷ್ಟೋ ಡಾಕ್ಟರುಗಳು ನೋಡುವ 'ಜೀನಾ' ಮಾರ್ಗಸೂಚಿ 5 ವರ್ಷದವರೆಗಿನ ಮಕ್ಕಳಿಗೆ ಮನೆಯಲ್ಲಿ ಹೇಳುವ ಲೆಕ್ಕ ಸರಳವಾಗಿದೆ. ಒಂದು ಪಫ್‌ಗೆ 100 ಮೈಕ್ರೋಗ್ರಾಂ ಸಾಲ್ಬುಟಮಾಲ್, ಅಂದರೆ ಆಸ್ತಲಿನ್‌ನಲ್ಲಿರುವ ಔಷಧಿ. ಮೊದಲು 2 ಪಫ್. ಬೇಕಾದರೆ 20 ನಿಮಿಷ ಬಿಟ್ಟು 2, ಇನ್ನೂ 20 ನಿಮಿಷ ಬಿಟ್ಟು 2. ಮೊದಲ ಎರಡು ಗಂಟೆಯಲ್ಲಿ 6 ಪಫ್ ಮೀರಿ ಬೇಕಾಯಿತು ಅಂದರೆ ಅವತ್ತೇ ಡಾಕ್ಟರಿಗೆ ತೋರಿಸಬೇಕು. ಆಸ್ಟ್ರೇಲಿಯಾದವರು 4ರಿಂದ ಶುರು ಮಾಡುತ್ತಾರೆ, ಬ್ರಿಟನ್ನಿನವರು ಜೋರು ಉಬ್ಬಸಕ್ಕೆ ಒಂದೊಂದಾಗಿ 10ರವರೆಗೂ ಹೋಗುತ್ತಾರೆ. ಯೂಟ್ಯೂಬ್ ನೋಡಿ ಗಲಿಬಿಲಿ ಆಗುವುದು ಇಲ್ಲೇ. ನಿಮ್ಮ ಮಗುವಿನ ಡಾಕ್ಟರು ಬರೆದುಕೊಟ್ಟ ಲೆಕ್ಕ ನಿಮಗೆ.

ಕಳೆದ ವರ್ಷ ತಮ್ಮನ ಮಗಳಿಗೆ, ಮೂರೂವರೆ ವರ್ಷ, ರಾತ್ರಿ ಹತ್ತೂವರೆಗೆ ಉಬ್ಬಸ ಎದ್ದಿತ್ತು. 'ಅಕ್ಕಾ, ಕೊಟ್ಟಾಯ್ತು, ಇನ್ನೂ ಕುಯ್ ಅಂತಿದೆ' ಅಂತ ಫೋನು. ಹೇಗೆ ಕೊಟ್ಟೆ ಅಂತ ಕೇಳಿದೆ. ಎರಡು ಸಲ ಟಕ್ ಟಕ್ ಅಂತ ಒಟ್ಟಿಗೆ ಒತ್ತಿ ಮಾಸ್ಕ್ ಹಿಡಿದಿದ್ದ. ಎರಡು ಪಫ್ ಒಟ್ಟಿಗೆ ತುಂಬಿಸಿದರೆ ಔಷಧಿಯ ಹನಿಗಳು ಒಂದಕ್ಕೊಂದು ಅಂಟಿ ದಪ್ಪವಾಗುತ್ತವೆ, ಸ್ಪೇಸರ್ ಗೋಡೆಗೆ ಹತ್ತುತ್ತವೆ. ಮಗುವಿಗೆ ಎರಡರ ಔಷಧಿ ಸಿಗುವುದೇ ಇಲ್ಲ.

ಸರಿ, ಮತ್ತೆ ಮಾಡಿಸಿದೆ. ಮಗು ತೊಡೆಯ ಮೇಲೆ ನೇರ ಕೂತಿರಲಿ. ಇನ್‌ಹೇಲರ್ ಚೆನ್ನಾಗಿ ಅಲ್ಲಾಡಿಸು. ಮಾಸ್ಕ್ ಮೂಗು ಬಾಯಿ ಎರಡನ್ನೂ ಮುಚ್ಚಿ ಕೆನ್ನೆಗೆ ಕೂರಲಿ, ಆಮೇಲೆ ಒಂದೇ ಸಲ ಒತ್ತು. ಆರು ಉಸಿರು ಎಣಿಸು, ವಾಲ್ವ್ ಆಡುವುದು ಕಾಣಬೇಕು. ತೆಗೆ, ಅಲ್ಲಾಡಿಸು, ಎರಡನೆಯದು. ಹತ್ತು ಐವತ್ತಕ್ಕೆ ಹೀಗೇ ಇನ್ನೆರಡು ಕೊಟ್ಟ. ಮಲಗಿಸಿ ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಲು ಹೇಳಿದ್ದೆ. ಮೊದಲು 48 ಇದ್ದದ್ದು 36ಕ್ಕೆ ಬಂತು. ಈ ವಯಸ್ಸಿಗೆ 40 ಅಥವಾ ಅದಕ್ಕಿಂತ ಜಾಸ್ತಿ ಅಂದರೆ ವೇಗದ ಉಸಿರು. ನೀರು ಕುಡಿದಳು, ಮಾತಾಡಿದಳು. ಮೂರನೇ ಸುತ್ತು ಬೇಕಾಗಲಿಲ್ಲ.

ಮಗು ಜೋರಾಗಿ ಅಳುತ್ತಿದ್ದರೆ ಔಷಧಿ ಎದೆಗೆ ಇಳಿಯುವುದು ತುಂಬಾ ಕಮ್ಮಿ. 'ಅಳುವಾಗ ಉಸಿರು ಜೋರಾಗಿ ಎಳೀತಾನೆ, ಒಳ್ಳೇದೇ ಅಲ್ವಾ' ಅಂತ ಕೇಳುವವರಿದ್ದಾರೆ. ಅಲ್ಲ. ಮಾಸ್ಕ್ ಸಡಿಲವಾಗುತ್ತದೆ, ಒಳಗೆ ಹೋದದ್ದೂ ಗಂಟಲಲ್ಲೇ ನಿಲ್ಲುತ್ತದೆ. ಉಬ್ಬಸ ಇಲ್ಲದ ದಿನ ಬರೀ ಮಾಸ್ಕ್ ಕೊಟ್ಟು ಆಟ ಆಡಿಸಿ. ಹೊಸ ಸ್ಪೇಸರನ್ನು ಪಾತ್ರೆ ಸೋಪಿನ ನೀರಿನಲ್ಲಿ ಅದ್ದಿ, ಒರೆಸದೆ ಗಾಳಿಗೆ ಒಣಗಲು ಬಿಡಿ. ಒರೆಸಿದರೆ ಪ್ಲಾಸ್ಟಿಕ್‌ಗೆ ಸ್ಥಾಯೀ ವಿದ್ಯುತ್ ಹತ್ತಿ ಔಷಧಿಯನ್ನು ಅದೇ ಎಳೆದುಕೊಳ್ಳುತ್ತದೆ.

'ಇಷ್ಟು ಚಿಕ್ಕ ಮಗುವಿಗೆ ಎರಡೆರಡು ಯಾಕೆ, ಒಂದು ಸಾಲದಾ' ಅಂತ ಅಜ್ಜಿಯರು ಕೇಳುತ್ತಾರೆ. ಅವರ ಭಯ ಸಹಜ. ಆದರೆ ಚಿಕ್ಕ ಮಗುವಿನ ಎದೆಗೆ ತಲುಪುವುದೇ ಒಂದು ಪಫ್‌ನ ಚೂರು ಪಾಲು, ಹಾಗಾಗಿ ತೂಕ ನೋಡಿ ಇಳಿಸುವುದಿಲ್ಲ. ಕೈ ಸ್ವಲ್ಪ ನಡುಗಬಹುದು, ಎದೆ ಡವಡವ ಅನ್ನಬಹುದು, ಮಧ್ಯರಾತ್ರಿ ಮಂಚದ ಮೇಲೆ ಕುಣಿಯಲೂಬಹುದು. ಸ್ವಲ್ಪ ಹೊತ್ತಿಗೆ ಇಳಿಯುತ್ತದೆ.

ನನಗೆ ಪಫ್‌ಗಿಂತ ಮುಖ್ಯ ಅನಿಸುವುದು ಗಡಿಯಾರ. ಸರಿಯಾಗಿ ಕೊಟ್ಟ ಔಷಧಿ ಮೂರ್ನಾಲ್ಕು ಗಂಟೆಯಾದರೂ ತಡೆಯಬೇಕು. ನಮ್ಮ ಹುಡುಗಿಗೆ ಮತ್ತೆ ಬೇಕಾದದ್ದು ಮೂರು ಗಂಟೆ ಜಾವಕ್ಕೆ. 2 ಪಫ್ ಕೊಟ್ಟು ಬೆಳಿಗ್ಗೆ ಡಾಕ್ಟರಿಗೆ ತೋರಿಸಿದರು. ಅದೇ ಹನ್ನೆರಡಕ್ಕೆ ಎದ್ದು ಕುಯ್‌ಗುಟ್ಟಿದ್ದರೆ ಆಗಲೇ ಹೊರಡಲು ಹೇಳುತ್ತಿದ್ದೆ.

ಪಕ್ಕೆಯ ಕೆಳಗೆ ಚರ್ಮ ಒಳಗೆ ಸೆಳೆಯುತ್ತಿದೆ, ಮಾತಾಡಲೋ ಕುಡಿಯಲೋ ಆಗುತ್ತಿಲ್ಲ, ತುಟಿ ನೀಲಿ, ಅಥವಾ ಮಗು ಮಂಕಾಗಿ ಜೋತುಬಿದ್ದಿದೆ ಅಂದರೆ 20 ನಿಮಿಷ ಕಾಯುವ ಲೆಕ್ಕವೆಲ್ಲ ಬಿಡಿ. ಅಂಥ ಮಗುವಿನ ಎದೆಯಲ್ಲಿ ಕುಯ್ ಶಬ್ದ ನಿಂತರೆ ವಾಸಿಯಾಯಿತು ಅಂತಲ್ಲ, ಗಾಳಿಯೇ ಆಡುತ್ತಿಲ್ಲ ಅಂತ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ ಅರ್ಧ ನಿಮಿಷದಿಂದ ಒಂದು ನಿಮಿಷಕ್ಕೊಂದರಂತೆ 10 ಪಫ್‌ವರೆಗೆ ಕೊಡಬಹುದು. ಆಗಲೂ ಒಂದು ಸಲಕ್ಕೆ ಒಂದೇ.