ಇಪ್ಪತ್ತಮೂರರ ಚೆಂಡೆ

ನಿನ್ನೆ ಬ್ಯಾಂಕಿಗೆ ಹೋಗಿ ಬಳೆ ಬಿಡಿಸಿಕೊಂಡು ಬಂದೆ. ಎರಡು ತಿಂಗಳ ಬಡ್ಡಿ 4,500 ರೂಪಾಯಿ. ಕೊಡುವಾಗ ಕೈ ನಡುಗಲಿಲ್ಲ, ಹಲ್ಲು ಕಡಿಯಿತು.

ಮಾರ್ಚ್‌ನಲ್ಲಿ ನಮ್ಮೆಜಮಾನರ ದುಬೈ ಖಾತೆಯಲ್ಲಿ 20,000 ದಿರ್ಹಮ್ ಇತ್ತು. ಊರಿಗೆ ಹಣ ಕಳಿಸುವ ಎಕ್ಸ್‌ಚೇಂಜಿನವರ ದರ ದಿರ್ಹಮಿಗೆ 22.70 ರೂಪಾಯಿ. ಕಳಿಸಿದ್ದರೆ ಮುಗಿದಿತ್ತು. ಆದರೆ ಇವರು, "23 ಆಗ್ಲಿ ಮಾರಾಯ್ತಿ, 6,000 ಜಾಸ್ತಿ ಸಿಗ್ತದೆ" ಅಂದರು. ಅಷ್ಟರಲ್ಲಿ ಮನೆ ಕಟ್ಟುವ ಮೇಸ್ತ್ರಿ ಕಬ್ಬಿಣ, ಸಿಮೆಂಟಿಗೆ ದುಡ್ಡು ಕೇಳಿದ. ಬಳೆ ಅಡವಿಟ್ಟು ಮೂರು ಲಕ್ಷ ತಂದೆವು, ವರ್ಷಕ್ಕೆ ಶೇಕಡಾ 9ರ ಬಡ್ಡಿಗೆ.

ಈ ಕಾಯುವ ರೋಗ ನಮ್ಮ ಮನೆಗೆ ಹೊಸತಲ್ಲ. ಮಾವನವರು ಬೆಳಿಗ್ಗೆ ಪೇಪರ್ ಬಂದ ಕೂಡಲೇ ಅಡಿಕೆ ಧಾರಣೆ ನೋಡಿ "ಇನ್ನೊಂದು ಐದು ರೂಪಾಯಿ ಏರ್ಲಿ" ಎನ್ನುತ್ತಾರೆ. ಹಾಗೆ ಹೇಳಿ ಅಟ್ಟದಲ್ಲಿಟ್ಟ ಮೂರು ಮೂಟೆ ಚಾಲಿಯ ಧಾರಣೆಯೂ ಏರಿತು, ಅದಕ್ಕೆ ಹುಳವೂ ಏರಿತು.

ನಾನು ಫೋನಿನಲ್ಲಿ ದರ ತೋರಿಸುವ ಒಂದು ಆ್ಯಪ್ ಹಾಕಿಕೊಂಡು 23ಕ್ಕೆ ಅಲರ್ಟ್ ಇಟ್ಟೆ. ಮಿಸ್ ಆಗಬಾರದು ಅಲ್ವಾ? ಅದಕ್ಕೆ ಚೆಂಡೆ ಶಬ್ದವನ್ನೇ ರಿಂಗ್‌ಟೋನ್ ಮಾಡಿದೆ.

ಏಪ್ರಿಲ್‌ನಲ್ಲಿ ಅತ್ತೆಯ ತಿಥಿ. ಭಟ್ಟರು ಪಿಂಡದ ಮುಂದೆ ಕೂತು ಮೆಲ್ಲ ಮಂತ್ರ ಹೇಳುತ್ತಿದ್ದರು. ಮನೆಯಿಡೀ ಮೌನ. ಆಗ ನನ್ನ ಸೊಂಟದಿಂದ ಚೆಂಡೆ ಶುರುವಾಯಿತು. ಮೆಲ್ಲಗೂ ಅಲ್ಲ, ಮಹಿಷಾಸುರ ರಂಗಕ್ಕೆ ಬರುವಾಗಿನ ಹಾಗೆ! ಭಟ್ಟರ ಕೈಯ ದರ್ಭೆ ಅಲ್ಲೇ ನಿಂತಿತು. ಸೆರಗಿನ ಗಂಟಿನಿಂದ ಫೋನ್ ಬಿಚ್ಚುವುದರೊಳಗೆ ಒಂದು ಸುತ್ತು ಚೆಂಡೆ ಮುಗಿದು ಇನ್ನೊಂದು ಸುತ್ತು ಹಿಡಿಯಿತು. ಚಿಕ್ಕತ್ತೆ ನನ್ನನ್ನು ನೋಡಿದ ನೋಟ ಈಗಲೂ ಬೆನ್ನಿನ ಮೇಲಿದೆ. ಅಡುಗೆಮನೆ ದಾಟಿ, ಹಟ್ಟಿ ದಾಟಿ, ರೇಂಜ್ ಸಿಗುವ ಹಲಸಿನ ಮರದ ಬುಡಕ್ಕೆ ಓಡಿದೆ. "23 ಆಯ್ತು, ಕಳಿಸಿ!" ಎಂದು ಮೆಸೇಜ್ ಹಾಕಿದೆ. ಇಲ್ಲಿ ಹನ್ನೊಂದೂವರೆ, ಅಲ್ಲಿ ಹತ್ತು. ಇವರ ಫೋನ್ ಊಟದ ಬಿಡುವಿನವರೆಗೆ ಲಾಕರಿನಲ್ಲಿ.

ಊಟದ ಬಿಡುವಿನಲ್ಲಿ ಇವರು ನೋಡಿದರೆ ಎಕ್ಸ್‌ಚೇಂಜಿನ ದರ 22.89.

ಮೋಸ ಅಂದುಕೊಂಡೆವು. ಮೋಸ ಅಲ್ಲ. ನನ್ನ ಆ್ಯಪ್ ತೋರಿಸುವುದು ಮಾರುಕಟ್ಟೆಯಲ್ಲಿ ಕೊಳ್ಳುವ ಮತ್ತು ಮಾರುವ ದರಗಳ ನಡುವಿನ ದರ. ಅದು ಬ್ಯಾಂಕು ಬ್ಯಾಂಕುಗಳ ನಡುವಿನ ಲೆಕ್ಕ. ನಮ್ಮಂಥವರ ಕೈಗೆ ಬರುವ ಮೊದಲು ಎಕ್ಸ್‌ಚೇಂಜಿನವರು ತಮ್ಮ ಪಾಲು ಹಿಡಿದುಕೊಳ್ಳುತ್ತಾರೆ, ನಮ್ಮ ಲೆಕ್ಕದಲ್ಲಿ 11 ಪೈಸೆ. ನಮಗೆ 23 ಬೇಕಿದ್ದರೆ ನಾನು ಅಲರ್ಟ್ ಇಡಬೇಕಾಗಿದ್ದದ್ದು 23.11ಕ್ಕೆ. ಅದಕ್ಕಿಂತ ಒಳ್ಳೆಯದು, ಹಣ ಕಳಿಸುವವರ ಆ್ಯಪಿನಲ್ಲೇ ಅಲರ್ಟ್ ಇಡುವುದು. ಸಂಜೆಗೆ ದರ ಇಳಿಯಿತು. ಚೆಂಡೆಗೆ ಮತ್ತೆ ಕೆಲಸ ಬರಲಿಲ್ಲ.

ಇವರು ದಿನಾ "ದಿರ್ಹಮ್ ಇವತ್ತು ಗಟ್ಟಿ" ಎನ್ನುತ್ತಿದ್ದರು. ದಿರ್ಹಮ್ ಎಲ್ಲಿಗೂ ಹೋಗುವುದಿಲ್ಲ, 1997ರಿಂದ ಒಂದು ಡಾಲರಿಗೆ 3.6725 ಎಂದು ಕಟ್ಟಿಹಾಕಿದ ದನ ಅದು. ಏರಿಳಿಯುವುದು ಡಾಲರಿನ ಎದುರು ನಮ್ಮ ರೂಪಾಯಿ. ಅದು ನಾಳೆ ಎಲ್ಲಿರುತ್ತದೆ ಅಂತ ಗೊತ್ತಿರುವವರು ಸುಮ್ನೆ ನಮ್ಮ ಜೊತೆ ಫೋನಿನಲ್ಲಿ ಮಾತಾಡುತ್ತಾ ಕೂತಿರುತ್ತಾರಾ?

ಮೇ ತಿಂಗಳಲ್ಲಿ ಒಂದು ರಾತ್ರಿ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ. ಸಾಲದ ಬಡ್ಡಿ ತಿಂಗಳಿಗೆ 2,250. ಅದನ್ನು 20,000 ದಿರ್ಹಮಿಗೆ ಹಂಚಿದರೆ ದಿರ್ಹಮಿಗೆ 11 ಪೈಸೆ ಚಿಲ್ಲರೆ. ಅಂದರೆ ದರ ತಿಂಗಳು ತಿಂಗಳೂ 11 ಪೈಸೆ ಏರಿದರೆ ನಾವು ನಿಂತಲ್ಲೇ ನಿಂತಂತೆ! ಎರಡು ತಿಂಗಳು ಕಾದು 23 ಸಿಕ್ಕಿದ್ದರೂ ಉಳಿಯುತ್ತಿದ್ದದ್ದು 1,500. ಅದಕ್ಕೆ ತಿಥಿಯ ದಿನ ಚೆಂಡೆ ಬೇಕಿತ್ತಾ?

ಇವರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ನಾಲ್ಕು ಕಂತಿನಲ್ಲಿ ಕಳಿಸುವ" ಅಂದರು. ಪ್ರತಿ ಸಲ 20 ದಿರ್ಹಮಿನ ಹಾಗೆ ಚಾರ್ಜು, ನಾಲ್ಕು ಸಲಕ್ಕೆ 80. ಬೇಡ, ಎರಡೇ ಸಾಕು ಅಂದೆ. ಸಾಲ ತೀರಿಸಲು ಬೇಕಾದ 14,000 ದಿರ್ಹಮ್ ಈಗಲೇ, ಸಿಕ್ಕಿದ ದರಕ್ಕೆ. ಸಿಕ್ಕಿದ್ದು 22.78. ಮಾರ್ಚ್‌ನ ದರಕ್ಕಿಂತ 1,120 ರೂಪಾಯಿ ಲಾಭ. ಅದಕ್ಕೆ ಕೊಟ್ಟ ಬಡ್ಡಿ ಎಷ್ಟು ಅಂತ ಮೇಲೆಯೇ ಹೇಳಿದ್ದೇನೆ, ಮತ್ತೆ ಬರೆಯುವುದಿಲ್ಲ. ಉಳಿದ 6,000 ಸ್ಲ್ಯಾಬಿಗೆ. ಎಕ್ಸ್‌ಚೇಂಜಿನ ದರ 22.90 ಮುಟ್ಟಿದ ದಿನ ಅಥವಾ ಮಳೆಗಾಲದ ಬಾಗಿಲಾದ ಪತ್ತನಾಜೆಗೆ ಮೊದಲಿನ ಶುಕ್ರವಾರ, ಯಾವುದು ಮೊದಲು ಬರುತ್ತದೋ ಆವತ್ತು ಕಳಿಸುವುದು. ಶನಿವಾರ, ಭಾನುವಾರ ಮಾರುಕಟ್ಟೆಗೆ ರಜೆ, ಮಳೆಗೆ ರಜೆ ಇಲ್ಲ.

ಹಳೆಯ ಮೆಸೇಜುಗಳನ್ನು ನಿನ್ನೆ ತಿರುಗಿಸಿ ನೋಡಿದೆ. ಮೊದಲೆಲ್ಲ "ಊಟ ಆಯ್ತಾ?" ಎಂದು ಶುರುವಾಗುತ್ತಿತ್ತು. ಈ ಎರಡು ತಿಂಗಳು ಇಬ್ಬರದ್ದೂ ಒಂದೇ ಮಾತು, "ಇವತ್ತು ಎಷ್ಟು?" ಅಲ್ಲಿ ಇವರು ಏನು ತಿಂದರು ಅಂತ ನಾನು ಕೇಳಿಯೇ ಇಲ್ಲ.

ನಿನ್ನೆ ರಾತ್ರಿ ಕೇಳಿದೆ. ಕುಬ್ಬೂಸ್, ದಾಲ್ ಅಂದರು. ಫೋನ್ ಇಡುವಷ್ಟರಲ್ಲಿ ಮಾವನವರು ಬಾಗಿಲಲ್ಲಿ ನಿಂತು, "ಅವನದ್ದು ಎಷ್ಟಾಯ್ತಂತೆ? ಇನ್ನೊಂದು ಐದು ಪೈಸೆ ಕಾಯ್ಲಿಕ್ಕೆ ಹೇಳು" ಅಂದರು.