ದಾಸವಾಳದ ಕಳ್ಳ ಮತ್ತು ನಮ್ಮ ವೈಫೈ

ನಮ್ಮ ಗೇಟಿನ ಪಕ್ಕದ ದಾಸವಾಳವನ್ನು ವಾಕಿಂಗ್ ಹೋಗುವವರು ಯಾರೋ ದಿನಾ ಕಿತ್ತುಕೊಂಡು ಹೋಗುತ್ತಾರೆ. ಅವರನ್ನು ಹಿಡಿಯಲೇಬೇಕೆಂದು ಅಪ್ಪ, ಸ್ನೇಹಿತರೊಬ್ಬರು ಬೇಡವೆಂದು ಕೊಟ್ಟ ಹಳೇ ವೈಫೈ ಕ್ಯಾಮೆರಾ ತಂದು ಗೇಟಿಗೆ ಕಟ್ಟಿದರು. ಕಳ್ಳ ಸಿಗಲಿಲ್ಲ. ಸಿಕ್ಕಿಹಾಕಿಕೊಂಡಿದ್ದು ನನ್ನ ಆಫೀಸ್ ಮೀಟಿಂಗು.

ದುಡ್ಡು ಕಟ್ಟುವುದು 100 ಎಂಬಿಪಿಎಸ್‌ಗೆ, ಸಿಗುವುದು 8. ಇಂಟರ್ನೆಟ್ಟಿನವರಿಗೆ ಮೂರು ಸಲ ಫೋನ್ ಮಾಡಿ ಕೂಗಾಡಿದೆ. ಆಮೇಲೆ ಲ್ಯಾಪ್‌ಟಾಪನ್ನು ಕೇಬಲ್ಲಿನಿಂದ ನೇರ ರೂಟರಿಗೆ ಸಿಕ್ಕಿಸಿದರೆ 94 ಬಂತು. ಛೆ, ತಪ್ಪು ಮನೆಯೊಳಗೇ ಇತ್ತು.

ಯಾವ ಸಾಧನ ಎಷ್ಟು ವೇಗದಲ್ಲಿದೆ ಎಂದು ತೋರಿಸುವ ರೂಟರಿನ ಪಟ್ಟಿ ತೆರೆದೆ. ನನ್ನ ಲ್ಯಾಪ್‌ಟಾಪಿನ ಮುಂದೆ 144, ಕ್ಯಾಮೆರಾದ ಮುಂದೆ 1. ಅದು 1997ರ ಮೊದಲ ವೈಫೈನ ವೇಗ! ದೂರಕ್ಕೆ ಸಿಗ್ನಲ್ ಸೊರಗಿದಾಗ ಹಳೇ ಸಾಧನ ಹೀಗೆ ಇಳಿದು ಇಳಿದು ತಳ ಸೇರುತ್ತದೆ.

ಸೇರಲಿ, ನನಗೇನು ತೊಂದರೆ ಅಂತೀರಾ? ವೈಫೈ ಚಾನೆಲ್ ಅಂದರೆ ನಮ್ಮ ಮನೆಯ ಒಂದೇ ಬಚ್ಚಲು. ಒಬ್ಬರು ಒಳಗಿದ್ದರೆ ಉಳಿದವರು ಹೊರಗೆ. ಎಲ್ಲರಿಗೂ ಸರದಿ ಸಮ, ಗಡಿಯಾರ ಯಾರೂ ನೋಡುವುದಿಲ್ಲ. ನಾನು ಎರಡು ಚೊಂಬು ಸುರಿದುಕೊಂಡು ಬರುತ್ತೇನೆ. ಅಪ್ಪ ಒಳಹೊಕ್ಕರೆ ಸ್ತೋತ್ರವೆಲ್ಲ ಮುಗಿಯಬೇಕು. 1500 ಬೈಟಿನ ಒಂದು ಪ್ಯಾಕೆಟ್ ಕಳಿಸಲು ನನಗೆ 0.1 ಮಿಲಿಸೆಕೆಂಡೂ ಬೇಡ, ಕ್ಯಾಮೆರಾಗೆ 12 ಬೇಕು. ಸುಮ್ನೆ ಕೂತಿದ್ದರೆ ಅದರಿಂದ ಅಷ್ಟು ತೊಂದರೆಯಿಲ್ಲ. ಆದರೆ ಇದು ಇಡೀ ದಿನ ಖಾಲಿ ಗೇಟಿನ ವಿಡಿಯೊ ಕಳಿಸುತ್ತಿತ್ತು.

ಬುದ್ಧಿವಂತಿಕೆ ಮಾಡಿ ಕ್ಯಾಮೆರಾವನ್ನು ಗೆಸ್ಟ್ ನೆಟ್‌ವರ್ಕಿಗೆ ಹಾಕಿದೆ. ಏನೂ ಬದಲಾಗಲಿಲ್ಲ. ಹೆಸರು ಬೇರೆ, ಬಚ್ಚಲು ಅದೇ ಅಲ್ವಾ!

ಮತ್ತೆ ಸೆಟ್ಟಿಂಗ್ಸಿನಲ್ಲಿ `b/g/n` ಇದ್ದುದನ್ನು `g/n` ಮಾಡಿದೆ, ಅಂದರೆ ಇವುಗಳಲ್ಲಿ ಹಳೇ ತಲೆಮಾರಿನ ವೈಫೈ `b`ಗೆ ಬಾಗಿಲು ಹಾಕಿದೆ. ಇನ್ನು 6ಕ್ಕಿಂತ ಕೆಳಗೆ ಯಾರೂ ಇಳಿಯುವಂತಿಲ್ಲ. ಮೀಟಿಂಗ್ ಬೆಣ್ಣೆಯಂತೆ ನಡೆಯಿತು. ಅಷ್ಟರಲ್ಲಿ ಅಪ್ಪ ಬಂದು ನಿಂತರು: "ಕ್ಯಾಮೆರಾ ಸತ್ತುಹೋಗಿದೆ ಕಣೋ. ಇವತ್ತೇ ನಾಲ್ಕು ಹೂ ಹೋಗಿವೆ." ಗೇಟಿನವರೆಗೆ 6ರ ವೇಗದಲ್ಲಿ ಮಾತಾಡುವ ಶಕ್ತಿ ಅದಕ್ಕಿರಲಿಲ್ಲ.

ಕೊನೆಗೆ ಟಿವಿ ಹಿಂದೆ ಅಡಗಿದ್ದ ರೂಟರನ್ನು ಕಿಟಕಿ ಪಕ್ಕಕ್ಕೆ ತಂದೆ. ಕ್ಯಾಮೆರಾ 24ಕ್ಕೆ ಏರಿತು. ಲ್ಯಾಪ್‌ಟಾಪನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿಕೊಂಡೆ. ಅದು ಬೇರೆಯದೇ ಬಚ್ಚಲು, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಅದರ ದಮ್ಮು ಮುಗಿಯುತ್ತದೆ. ಹಾಗಾಗಿ ಈಗ ನನ್ನ ಆಫೀಸು ಹಾಲ್‌ನಲ್ಲಿ, ಕುಕ್ಕರಿನ ಸೀಟಿ ಮಧ್ಯೆ.

ನಿನ್ನೆ ಅಪ್ಪ ಅಟ್ಟದಿಂದ ಒಂದು ಧೂಳು ಹಿಡಿದ ಟ್ಯಾಬ್ ಇಳಿಸಿಕೊಂಡು ಬಂದರು. "ಇದಕ್ಕೂ ವೈಫೈ ಹಾಕಿಕೊಡೋ, ಹಿತ್ತಲಲ್ಲಿ ಕನಕಾಂಬರ ಕಮ್ಮಿಯಾಗ್ತಿದೆ."